ಗಂಟೆ ಒತ್ತಿದವರಿಗೂ ನೋಟಿಫಿಕೇಶನ್ ಯಾಕೆ ಬರ್ತಿರಲಿಲ್ಲ: ನಲವತ್ತು ಫೋನ್ ನೋಡಿದ ನನ್ನ ಅನುಭವ

ಸಾಗರದ ಹತ್ತಿರ ನಮ್ಮ ಊರು. ಅಡಿಕೆ ಬೆಳೆಗಾರರಿಗೆ ಅಂತ ಆರು ವರ್ಷದಿಂದ ಒಂದು ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದೇನೆ. ನಿನ್ನೆ ರಾಶಿ ಎಷ್ಟಕ್ಕೆ ಹೋಯಿತು, ಚಾಲಿ ಎಷ್ಟು, ಮಳೆ ನೋಡಿಕೊಂಡು ಬೋರ್ಡೋ ಯಾವತ್ತು ಹೊಡೆಯಬಹುದು, ಇಷ್ಟೇ ವಿಷಯ. ಸುಮಾರು ಹದಿನೆಂಟು ಸಾವಿರ ಸಬ್‌ಸ್ಕ್ರೈಬರ್ ಇದ್ದಾರೆ. ವಿಡಿಯೊ ಬೆಳಿಗ್ಗೆ 6ಕ್ಕೆ ಹೋಗುತ್ತಿತ್ತು, ತೋಟಕ್ಕೆ ಹೊರಡುವ ಮೊದಲು ನೋಡಲಿ ಅಂತ.

ಹೋದ ವರ್ಷ ಒಂದು ಮದುವೆ ಮನೆಯಲ್ಲಿ ಹೆಂಡತಿಯ ಸೋದರಮಾವ ಸಿಕ್ಕಿ, "ಏನೋ ತಮ್ಮಾ, ಗಂಟೆ ಒತ್ತಿ ಗಂಟೆ ಒತ್ತಿ ಅಂತೀಯ, ಒತ್ತಿ ಎರಡು ವರ್ಷ ಆಯ್ತು, ಒಂದು ದಿನವೂ ಹೊಡ್ಕೊಂಡಿಲ್ಲ" ಅಂದರು. ಮೊದಲೂ ಹತ್ತಾರು ಜನ ಹೇಳಿದ್ದರು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಅವತ್ತು ಊಟ ಆದಮೇಲೆ ಅವರ ಫೋನ್ ಇಸ್ಕೊಂಡು ನೋಡಿದೆ. ಗಂಟೆ ನಿಜವಾಗಿಯೂ All ಮೇಲೇ, ಅಂದರೆ ಎಲ್ಲ ವಿಡಿಯೊಗೂ ತಿಳಿಸು ಅನ್ನುವುದರ ಮೇಲೇ ಇತ್ತು.

ನಮ್ಮ ಕಡೆಯ ಚಾನೆಲ್‌ನವರ ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: ಅದು ಅಲ್ಗಾರಿದಮ್, ನಮ್ಮ ಕೈಯಲ್ಲಿ ಏನೂ ಇಲ್ಲ, ಸುಮ್ನೆ ತಲೆ ಕೆಡಿಸ್ಕೋಬೇಡ. ಈಗ ಗಂಟೆಯ ನೋಟಿಫಿಕೇಶನ್‌ನಿಂದ ಬರುವ ವೀಕ್ಷಣೆ ನನಗೆ ದಿನಕ್ಕೆ ಅರವತ್ತರಿಂದ ಇನ್ನೂರಿಪ್ಪತ್ತರ ಆಸುಪಾಸಿಗೆ ಏರಿದೆ. ಅದೇ ಗುಂಪಿನವರು ಈಗ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಒಮ್ಮೆ ಬರೆದುಬಿಡೋಣ ಅಂತ ಕೂತಿದ್ದೇನೆ.

ಮೊದಲು ಕಳೆದುಕೊಂಡ ದುಡ್ಡಿನ ಲೆಕ್ಕ. ಜನ ಕಡಿಮೆ ಇರುವುದೇ ತೊಂದರೆ ಅಂದುಕೊಂಡು ಪ್ರಚಾರಕ್ಕೆ ಸುಮಾರು ಆರು ಸಾವಿರ ರೂಪಾಯಿ ಹಾಕಿದೆ. ಸಬ್‌ಸ್ಕ್ರೈಬರ್ ಏರಿದರು, ನೋಟಿಫಿಕೇಶನ್ ಒತ್ತಿ ಬರುವವರು ಒಬ್ಬರೂ ಜಾಸ್ತಿ ಆಗಲಿಲ್ಲ. ಆಮೇಲೆ ಒಬ್ಬ "ಗಂಟೆ ಒತ್ತುವ ಸಬ್‌ಸ್ಕ್ರೈಬರ್ ಕೊಡಿಸ್ತೀನಿ" ಅಂತ ಎರಡೂವರೆ ಸಾವಿರ ತಗೊಂಡ. ಗಂಟೆ ಒತ್ತಿದ ಲೆಕ್ಕವೇನೋ ಏರಿತು, ಆದರೆ ಅಡಿಕೆ ಅಂದರೆ ಏನು ಅಂತ ಗೊತ್ತಿಲ್ಲದ ಖಾತೆಗಳು, ಒಂದು ದಿನವೂ ವಿಡಿಯೊ ತೆರೆಯಲಿಲ್ಲ. ಇದರಿಂದ ಹಾನಿಯೂ ಇದೆ. All ಇಟ್ಟಿದ್ದರೂ ಬಹಳ ದಿನದಿಂದ ಆ ಚಾನೆಲ್ ನೋಡದವರ ಫೋನಿಗೆ ಪುಶ್ ಕಳಿಸದೆ, ಆ್ಯಪ್ ಒಳಗಿನ ಪಟ್ಟಿಯಲ್ಲಿ ಮಾತ್ರ ತೋರಿಸುವ ಪ್ರಯೋಗವನ್ನು ಯೂಟ್ಯೂಬ್ 2025ರಲ್ಲಿ ಶುರು ಮಾಡಿತು. ಅಂಥವರನ್ನು ದುಡ್ಡು ಕೊಟ್ಟು ತಂದು ಏನು ಮಾಡುವುದು?

ಕಣ್ಣು ತೆರೆಸಿದ್ದು ಯೂಟ್ಯೂಬ್ ಸ್ಟುಡಿಯೊದ ಒಂದು ಸಣ್ಣ ಕಾರ್ಡ್. Analytics ಒಳಗೆ Audience ತೆರೆದು ಕೆಳಗೆ ಹೋದರೆ Subscriber bell notifications ಅಂತ ಇರುತ್ತದೆ. ಅದರಲ್ಲಿ ಎರಡು ಸಂಖ್ಯೆ. ಒಂದು, ನಿಮ್ಮ ಚಾನೆಲ್‌ಗೆ All ಇಟ್ಟವರು ನೂರಕ್ಕೆ ಎಷ್ಟು. ಇನ್ನೊಂದು, All ಇಟ್ಟು, ಫೋನಿನಲ್ಲಿ ಯೂಟ್ಯೂಬ್ ನೋಟಿಫಿಕೇಶನ್‌ಗೂ ಅನುಮತಿ ಕೊಟ್ಟವರು ಎಷ್ಟು. ನನ್ನದು ಮೊದಲನೆಯದು 24ರ ಹತ್ತಿರ, ಎರಡನೆಯದು 9. ಅಂದರೆ ಗಂಟೆ ಒತ್ತಿದವರಲ್ಲೇ ಅರ್ಧಕ್ಕಿಂತ ಜಾಸ್ತಿ ಜನರ ಫೋನ್ ಯೂಟ್ಯೂಬಿಗೆ ಬಾಯಿ ತೆರೆಯಲು ಬಿಟ್ಟೇ ಇಲ್ಲ. ಆರು ವರ್ಷ ಪ್ರತಿ ವಿಡಿಯೊದಲ್ಲೂ "ಗಂಟೆ ಒತ್ತಿ" ಅಂದಿದ್ದೆ. ಒಮ್ಮೆಯೂ ಫೋನಿನ ಸೆಟ್ಟಿಂಗ್ಸ್ ಬಗ್ಗೆ ಹೇಳಿರಲಿಲ್ಲ.

ಅಲ್ಲಿಂದ ಫೋನ್ ನೋಡುವ ಕೆಲಸ ಶುರು. ಮದುವೆ ಮನೆ, ಸೊಸೈಟಿ, ಅಡಿಕೆ ಮಂಡಿ, ಎಲ್ಲಿ ಹೋದರೂ "ಒಂದ್ನಿಮಿಷ ಫೋನ್ ಕೊಡಿ" ಅಂತ ಕೇಳಿ ಮೂರು ತಿಂಗಳಲ್ಲಿ ನಲವತ್ತು ಚಿಲ್ಲರೆ ಫೋನ್ ನೋಡಿದೆ. ಮೊದಮೊದಲು ಸಿಕ್ಕ ಸೆಟ್ಟಿಂಗ್ ಎಲ್ಲ ತಿರುಗಿಸುತ್ತಿದ್ದೆ. ಸರಿಹೋದರೂ ಯಾವುದರಿಂದ ಸರಿಹೋಯಿತು ಅಂತ ತಿಳಿಯುತ್ತಿರಲಿಲ್ಲ. ಆಮೇಲೆ ಒಂದು ಕ್ರಮ ಕಂಡುಕೊಂಡೆ.

ಮೊದಲು Subscriptions ತೆರೆಯುತ್ತೇನೆ. ಇವತ್ತಿನ ವಿಡಿಯೊ ಅಲ್ಲೂ ಇಲ್ಲದಿದ್ದರೆ, ಒಂದೋ ಅವರು ಸಬ್‌ಸ್ಕ್ರೈಬ್ ಮಾಡಿದ್ದು ಬೇರೆ ಖಾತೆಯಲ್ಲಿ, ಇಲ್ಲ ತಪ್ಪು ನನ್ನದು. ಅಪ್‌ಲೋಡ್ ಮಾಡುವಾಗ Publish to subscriptions feed and notify subscribers ಅಂತ ಒಂದು ಟಿಕ್ ಇದೆಯಲ್ಲ, ಅದನ್ನು ತೆಗೆದಿದ್ದರೆ ಯಾರಿಗೂ ಹೋಗುವುದಿಲ್ಲ. ಅಲ್ಲಿ ಇದ್ದರೆ, ಆ್ಯಪ್ ಒಳಗಿನ ಗಂಟೆಯ ಪಟ್ಟಿ ನೋಡುತ್ತೇನೆ. ಈ ಪಟ್ಟಿಯೇ ಎಲ್ಲದರ ಕೀಲಿ. ಪಟ್ಟಿಯಲ್ಲಿ ವಿಡಿಯೊ ಇದೆ, ಫೋನಿನ ಮೇಲೆ ಮಾತ್ರ ಬಂದಿಲ್ಲ ಅಂದರೆ ಮೊದಲು ಹುಡುಕಬೇಕಾದ್ದು ಫೋನಿನಲ್ಲಿ. ಪಟ್ಟಿಯಲ್ಲೇ ಇಲ್ಲ ಅಂದರೆ ಗಂಟೆಯನ್ನೇ ನೋಡಬೇಕು. ಅದು ಸಾಮಾನ್ಯವಾಗಿ Personalized ಮೇಲೆ ಇರುತ್ತದೆ. ಸಬ್‌ಸ್ಕ್ರೈಬ್ ಒತ್ತಿದ ಕೂಡಲೇ ಕೂರುವುದು ಅದೇ. ಗಂಟೆಯ ಚಿತ್ರ ಕಾಣುತ್ತದೆ, ಒತ್ತಿ ಆಯ್ತು ಅಂತ ಜನ ನಂಬುತ್ತಾರೆ. ಆದರೆ ಅದರಲ್ಲಿ ಯಾವ ವಿಡಿಯೊಗೆ ಎಬ್ಬಿಸಬೇಕು ಅಂತ ತೀರ್ಮಾನ ಮಾಡುವುದು ಯೂಟ್ಯೂಬ್. ನಾನು ನೋಡಿದ್ದರಲ್ಲಿ ಹದಿನೈದು ಹದಿನಾರು ಫೋನ್ ಹೀಗೇ ಇದ್ದವು.

ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯೂಟ್ಯೂಬ್ ಆ್ಯಪ್‌ನ ನೋಟಿಫಿಕೇಶನ್ನೇ ಬಂದ್ ಆಗಿದ್ದವು ಎಂಟೊಂಬತ್ತು. ಆಂಡ್ರಾಯ್ಡ್ 13ರಿಂದ ಹೊಸ ಆ್ಯಪ್ ನೋಟಿಫಿಕೇಶನ್‌ಗೆ ಅನುಮತಿ ಕೇಳಲೇಬೇಕು. ಹೊಸ ಫೋನ್ ತಗೊಂಡ ದಿನ ಕೇಳಿದ್ದಕ್ಕೆಲ್ಲ ಬೇಡ ಒತ್ತಿದವರು ಇವರು.

ಇನ್ನು ಮಾವನ ಫೋನ್. ಗಂಟೆ All, ಅನುಮತಿ ಇದೆ, ಪಟ್ಟಿಯಲ್ಲೂ ವಿಡಿಯೊ ಇದೆ. ಹಾಗಾದರೆ ಎಲ್ಲಿ ತಪ್ಪಿತು? ಎರಡು ದಿನ ಅವರ ಮನೆಯಲ್ಲೇ ಉಳಿದೆ, ಬೆಳಿಗ್ಗೆ 6ಕ್ಕೆ ಫೋನ್ ಎದುರಿಗಿಟ್ಟುಕೊಂಡು ಕೂತೆ. 6 ದಾಟಿ ಎರಡು ನಿಮಿಷಕ್ಕೆ ನೋಟಿಫಿಕೇಶನ್ ಬಂತು! ಸದ್ದಿಲ್ಲ, ನಡುಕವಿಲ್ಲ, ತೆಪ್ಪಗೆ ಬಂದು ಕೂತಿತು. ಅವರು ಕೊಟ್ಟಿಗೆ ಕೆಲಸ ಮುಗಿಸಿ ಬರುವ ಹೊತ್ತಿಗೆ ಅದರ ಮೇಲೆ ವಾಟ್ಸಾಪಿನ ಶುಭೋದಯಗಳು ಮೂವತ್ತು. ಎಲ್ಲ ಒಟ್ಟಿಗೆ ಗುಡಿಸಿ ಹಾಕಿದರು, ನನ್ನದೂ ಹೋಯಿತು.

ಯೂಟ್ಯೂಬ್ ಆ್ಯಪ್‌ನ Settings ಒಳಗೆ Notifications ತೆರೆದು ಕೆಳಗೆ ಹೋದಾಗ ಕಂಡಿತು: Disable sounds & vibrations. ಯಾರೂ ಮುಟ್ಟದೆ ಬಿಟ್ಟರೆ ಅದು ರಾತ್ರಿ 10ರಿಂದ ಬೆಳಿಗ್ಗೆ 8ರವರೆಗೆ ಸದ್ದು ಅಡಗಿಸುತ್ತದೆ. ರೈತರು ಬೇಗ ಏಳುತ್ತಾರೆ ಅಂತ ನಾನು 6ಕ್ಕೆ ಹಾಕುತ್ತಿದ್ದೆ. ಆ ಹೊತ್ತಿಗೆ ಗಂಟೆಗೆ ಸದ್ದೇ ಇಲ್ಲ. ನೋಡಿದ ಫೋನ್‌ಗಳಲ್ಲಿ ಹತ್ತಕ್ಕೂ ಜಾಸ್ತಿ ಇದೇ ಕಥೆ. ಅಲ್ಲೇ ಮೇಲೆ Scheduled digest ಅಂತಲೂ ಇದೆ. ಅದು ಚಾಲೂ ಇದ್ದರೆ ದಿನದ ನೋಟಿಫಿಕೇಶನ್ ಎಲ್ಲ ಒಂದೇ ಗಂಟಾಗಿ ಒಂದು ಹೊತ್ತಿಗೆ ಬರುತ್ತದೆ. ಇಬ್ಬರ ಫೋನಿನಲ್ಲಿ ಅದು ಸಂಜೆ 7ಕ್ಕಿತ್ತು. ಧಾರಣೆ ಸಂಜೆ ತಿಳಿದು ಏನು ಪ್ರಯೋಜನ?

ಎಲ್ಲರ ಫೋನನ್ನೂ ಸರಿ ಮಾಡಲು ನನ್ನಿಂದಾಗದು. ವಿಡಿಯೊ ಹೊತ್ತನ್ನೇ ಬದಲಿಸಿದೆ. ಮೊದಲು 8ಕ್ಕೆ ಸರಿಯಾಗಿ ಇಟ್ಟೆ, ಅಷ್ಟೇನೂ ಚೆನ್ನಾಗಲಿಲ್ಲ. ಈಗ 8 ದಾಟಿದ ಮೇಲೆ ಹೋಗುತ್ತದೆ, ಎಷ್ಟು ನಿಮಿಷ ದಾಟಿ ಅನ್ನುವುದನ್ನು ಹೇಳುವುದಿಲ್ಲ, ಅದನ್ನು ಹುಡುಕಲು ನನಗೆ ಎರಡು ತಿಂಗಳು ಹಿಡಿಯಿತು. ನಿಮ್ಮ ವೀಕ್ಷಕರು ತಿಂಡಿಗೆ ಯಾವಾಗ ಕೂರುತ್ತಾರೆ ಅಂತ ನೋಡಿಕೊಳ್ಳಿ, ಸಿಗುತ್ತದೆ.

ಈ ಹುಡುಕಾಟದ ನಡುವೆ, ನೋಟಿಫಿಕೇಶನ್ ಎಷ್ಟು ತಡವಾಗಿ ಬರುತ್ತದೆ ಅಂತ ಅಳೆಯುವ ಹುಚ್ಚೂ ಹಿಡಿಯಿತು. ನಾಲ್ಕು ಸಾವಿರಕ್ಕೆ ಒಂದು ಹಳೇ ಫೋನ್ ತಗೊಂಡೆ, ಇನ್ನೊಂದು ಮನೆಯಲ್ಲೇ ಇತ್ತು. ವಿಡಿಯೊ ಸಾರ್ವಜನಿಕ ಆದ ಸರಿಯಾದ ಹೊತ್ತು ಚಾನೆಲ್ ಫೀಡ್‌ನಲ್ಲಿ ಸಿಗುತ್ತದೆ:

```
curl -s "https://www.youtube.com/feeds/videos.xml?channel_id=CHANNEL_ID" | grep -m2 "<published>"
```

ಮೊದಲ ಸಾಲು ಚಾನೆಲ್ ಹುಟ್ಟಿದ ದಿನ, ಎರಡನೆಯದು ಹೊಸ ವಿಡಿಯೊದ್ದು. ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ಹೊತ್ತು. ಚಾರ್ಜಿಗೆ ಹಾಕಿಟ್ಟ ಫೋನಿಗೆ ಎರಡು ಮೂರು ನಿಮಿಷದಲ್ಲಿ ಬರುತ್ತಿತ್ತು. ಇನ್ನೊಂದರಲ್ಲಿ ಯೂಟ್ಯೂಬಿನ ಬ್ಯಾಟರಿ ಬಳಕೆಯನ್ನು Restricted ಮಾಡಿ ಮೂಲೆಯಲ್ಲಿಟ್ಟೆ. ಕೆಲವು ದಿನ ಮಧ್ಯಾಹ್ನ ಬಂತು, ಕೆಲವು ದಿನ ನಾನು ಆ್ಯಪ್ ತೆರೆದಾಗಲೇ ಬಂತು. Force stop ಮಾಡಿ ಇಟ್ಟಾಗ ಏನೂ ಬರಲಿಲ್ಲ, ಮತ್ತೆ ಆ್ಯಪ್ ತೆರೆಯುವವರೆಗೂ ಆಂಡ್ರಾಯ್ಡ್ ಅದಕ್ಕೆ ಏನನ್ನೂ ತಲುಪಿಸುವುದಿಲ್ಲ. ಫೋನ್ ಜೋರಾಗಿ ಓಡಲಿ ಅಂತ ಕ್ಲೀನರ್, ಬೂಸ್ಟರ್ ಆ್ಯಪ್ ಹಾಕಿಕೊಂಡವರಿಗೆ ದಿನಾ ಆಗುವುದು ಇದೇ. ಅಂಥ ನಾಲ್ಕು ಫೋನ್ ಸಿಕ್ಕವು, ಬೂಸ್ಟರ್ ತೆಗೆದು ಬ್ಯಾಟರಿಯನ್ನು Unrestricted ಮಾಡಿದೆ, ಅವತ್ತಿನಿಂದ ಸರಿ.

ನನ್ನ ಕಡೆಯ ತಪ್ಪು ಎರಡು. ಹೋದ ಸುಗ್ಗಿಯಲ್ಲಿ ರಾಶಿ, ಚಾಲಿ, ಬೆಟ್ಟೆ, ಗೊರಬಲು ಎಲ್ಲಕ್ಕೂ ಬೇರೆ ಬೇರೆ ತುಂಡು ವಿಡಿಯೊ ಮಾಡಿ ದಿನಕ್ಕೆ ಐದು ಹಾಕಿದೆ. 24 ಗಂಟೆಯಲ್ಲಿ ಒಂದು ಚಾನೆಲ್‌ನಿಂದ ಗಂಟೆ ಹೊಡೆಯುವುದು ಹೆಚ್ಚೆಂದರೆ ಮೂರು ಸಲ. ನನ್ನ ಗೊರಬಲು ವಿಡಿಯೊ ಯಾವಾಗಲೂ ಐದನೆಯದು, ಯಾರಿಗೂ ತಲುಪುತ್ತಿರಲಿಲ್ಲ, ಅದನ್ನು ಬೆಳೆಗಾರರು ಬೇಡ ಅಂದರು ಅಂತ ನಾನು ತಿಳಿದುಕೊಂಡಿದ್ದೆ. ಇನ್ನೊಂದು, ಶಾಲೆ ಮಕ್ಕಳು ಅಡಿಕೆ ಸುಲಿಯುವ ಒಂದು ವಿಡಿಯೊಗೆ Made for kids ಪ್ರಶ್ನೆಗೆ ಹೌದು ಒತ್ತಿದ್ದೆ. ಮಕ್ಕಳು ಇದ್ದಾರಲ್ಲ ಅಂತ. ಅದು ಮಕ್ಕಳಿಗಾಗಿ ಮಾಡಿದ್ದಾ ಅನ್ನುವ ಪ್ರಶ್ನೆ, ಮಕ್ಕಳು ಕಾಣುತ್ತಾರಾ ಅಂತ ಅಲ್ಲ. ಹೌದು ಅಂದ ವಿಡಿಯೊಗೆ ನೋಟಿಫಿಕೇಶನ್ ಹೋಗುವುದೇ ಇಲ್ಲ. ಶಿಶುಗೀತೆ ಚಾನೆಲ್ ನಡೆಸುವ ಒಬ್ಬ ಮೇಷ್ಟ್ರು ವರ್ಷಗಟ್ಟಲೆ ಗಂಟೆ ಒತ್ತಿ ಅನ್ನುತ್ತಿದ್ದರು. ಇಡೀ ಚಾನೆಲ್ ಮಕ್ಕಳದ್ದಾದರೆ ಆ ಗಂಟೆ ಒತ್ತಲಿಕ್ಕೇ ಬರುವುದಿಲ್ಲ.

ಈಗ ನಾನು ವಿಡಿಯೊದಲ್ಲಿ "ಗಂಟೆ ಒತ್ತಿ" ಅನ್ನುವುದನ್ನು ಬಿಟ್ಟಿದ್ದೇನೆ. ತಿಂಗಳಿಗೊಮ್ಮೆ ಫೋನ್ ಪರದೆಯನ್ನೇ ತೋರಿಸಿ ನಲವತ್ತು ಸೆಕೆಂಡಿನಲ್ಲಿ All, ಅನುಮತಿ, ಸದ್ದಿನ ಹೊತ್ತು ಮೂರನ್ನೂ ಮಾಡಿಸುತ್ತೇನೆ. ಅದನ್ನು ಧಾರಣೆ ಹೇಳುವ ಮೊದಲು ಇಡಬೇಕೋ ಆಮೇಲೋ ಅನ್ನುವುದರಲ್ಲಿ ಒಂದು ಗುಟ್ಟಿದೆ, ಅದು ನನ್ನ ಹತ್ತಿರವೇ ಇರಲಿ. ಕಾರ್ಡಿನ ಆ 9 ಈಗ 15 ಆಗಿದೆ.

ಮಳೆಗಾಲದ್ದು ಮಾತ್ರ ಇನ್ನೂ ಬಗೆಹರಿದಿಲ್ಲ. ಕರೆಂಟ್ ಹೋಗಿ ಟವರ್ ಮಲಗಿದರೆ ಶರಾವತಿ ಹಿನ್ನೀರಿನ ಆಚೆಯ ಊರುಗಳಿಗೆ ಮೂರು ದಿನದ ನೋಟಿಫಿಕೇಶನ್ ಒಟ್ಟಿಗೆ ಬರುತ್ತದೆ. ಅವರಿಗಾಗಿ ವಿಡಿಯೊ ಹೆಸರಿನ ಮೊದಲ ಪದವೇ ತಾರೀಖು ಇರುವ ಹಾಗೆ ಮಾಡಿದ್ದೇನೆ, ಯಾವುದು ಇವತ್ತಿನದು ಅಂತ ತೆರೆಯದೆಯೇ ತಿಳಿಯಲಿ ಅಂತ.