ಅಧಿಕಾರ ಇಲ್ಲದ ಪ್ರಾಜೆಕ್ಟ್ ಮ್ಯಾನೇಜರ್ ಕೆಲಸ ಮಾಡಿಸೋದು ಹೇಗೆ: ನನ್ನ ಅನುಭವ

ಮ್ಯಾಟ್ರಿಕ್ಸ್ ಮಾದರಿಯ ಸಂಸ್ಥೆಯಲ್ಲಿ, ಅಂದರೆ ಒಬ್ಬರೇ ತಮ್ಮ ವಿಭಾಗಕ್ಕೂ ಪ್ರಾಜೆಕ್ಟ್‌ಗೂ ಕೆಲಸ ಮಾಡುವ ಕಡೆ, ನಮ್ಮ ತಂಡದವರು ನಮ್ಮವರಲ್ಲ, ಎರವಲು ಬಂದವರು. ಅವರ ರಜೆ, ಅಪ್ರೈಸಲ್, ಬಡ್ತಿ ಎಲ್ಲಾ ವಿಭಾಗದ ಮ್ಯಾನೇಜರ್ ಕೈಯಲ್ಲಿ. ನಮ್ಮ ಕೈಯಲ್ಲಿ ಇರೋದು ವೇಳಾಪಟ್ಟಿ ಮಾತ್ರ. ಇದು ನನಗೆ ಸರಿಯಾಗಿ ಅರ್ಥವಾಗಿದ್ದು ಒಂದು ಡೇಟಾ ವರ್ಗಾವಣೆ ಪ್ರಾಜೆಕ್ಟ್‌ನಲ್ಲಿ.

ಹಳೇ ವ್ಯವಸ್ಥೆಯಲ್ಲಿದ್ದ ಗ್ರಾಹಕರ ದಾಖಲೆಗಳನ್ನು 12 ವಾರದಲ್ಲಿ ಹೊಸದಕ್ಕೆ ಸಾಗಿಸಬೇಕಿತ್ತು. ಡೇಟಾಬೇಸ್ ವಿಭಾಗದಿಂದ ಒಬ್ಬ ಅನುಭವಿ ಹುಡುಗನನ್ನು ವಾರಕ್ಕೆ ಎರಡು ದಿನ ಕೊಡುತ್ತೇವೆ ಎಂದಿದ್ದರು. ಐದು ವಾರ ಕಳೆಯುವ ಹೊತ್ತಿಗೆ ಹತ್ತು ದಿನ ಸಿಗಬೇಕಿತ್ತು, ಸಿಕ್ಕಿದ್ದು ನಾಲ್ಕು. ನನಗೆ ಸಿಟ್ಟು ಬಂತು. ಅವನಿಗೊಂದು ಖಾರವಾದ ಮೇಲ್ ಬರೆದು, ಅವನ ಮ್ಯಾನೇಜರ್‌ಗೂ ಅವರ ಮೇಲಿನವರಿಗೂ ಸಿಸಿ ಹಾಕಿದೆ.

ಮಾರನೇ ದಿನವೇ ಬಂದ. ವಾರಕ್ಕೆ ಸರಿಯಾಗಿ ಎರಡು ದಿನ. ಟಿಕೆಟ್‌ನಲ್ಲಿ ಬರೆದಷ್ಟು ಮಾಡಿದ, ಒಂದು ಗೆರೆಯೂ ಜಾಸ್ತಿ ಇಲ್ಲ. ಮೊದಲ ಪ್ರಯೋಗದಲ್ಲಿ ಸಾವಿರಾರು ದಾಖಲೆಗಳು ತಿರಸ್ಕಾರವಾದವು. ಹಳೇ ಟೇಬಲ್‌ನಲ್ಲಿ ದಿನಾಂಕಗಳನ್ನು ಬರೀ ಪಠ್ಯವಾಗಿ ಇಟ್ಟಿದ್ದರು, ಅದೂ ಎರಡು ಬಗೆಯಲ್ಲಿ: ಕೆಲವದರಲ್ಲಿ ದಿನ ಮೊದಲು, ಕೆಲವದರಲ್ಲಿ ತಿಂಗಳು ಮೊದಲು. ಇದು ಅವನಿಗೆ ಮೊದಲೇ ಗೊತ್ತಿತ್ತು. ಯಾಕಪ್ಪಾ ಹೇಳಲಿಲ್ಲ ಎಂದರೆ, "ಟಿಕೆಟ್‌ನಲ್ಲಿ ಇರಲಿಲ್ಲ ಸರ್" ಎಂದ.

1959ರಲ್ಲಿ ಫ್ರೆಂಚ್ ಮತ್ತು ರೇವನ್ ಎಂಬಿಬ್ಬರು ಮನಶ್ಶಾಸ್ತ್ರಜ್ಞರು ಅಧಿಕಾರವನ್ನು ಐದು ಬಗೆ ಮಾಡಿದರು: ಹುದ್ದೆಯಿಂದ ಬರುವುದು, ಬಹುಮಾನ ಕೊಡುವ ಶಕ್ತಿಯಿಂದ ಬರುವುದು, ಶಿಕ್ಷೆಯ ಭಯದಿಂದ ಬರುವುದು, ಪರಿಣತಿಯಿಂದ ಬರುವುದು, ನಮ್ಮ ಮೇಲಿನ ಗೌರವ ವಿಶ್ವಾಸದಿಂದ ಬರುವುದು. ಮಾಹಿತಿಯ ಬಲವನ್ನು ರೇವನ್ ಆಮೇಲೆ ಸೇರಿಸಿದರು. ನಾನು ಬಳಸಿದ್ದು ಭಯ, ಅದೂ ಬೇರೆಯವರ ಹುದ್ದೆಯಿಂದ ಸಾಲ ತಂದ ಭಯ. ಅದಕ್ಕೆ ಹೇಳಿದಷ್ಟು ಕೆಲಸ ಸಿಗುತ್ತೆ. ಹೇಳದೇ ಇರೋದು, ಅಂದರೆ ಕೆಟ್ಟ ಸುದ್ದಿ, ಸಿಗಲ್ಲ. ತಂಡ ನಮಗೆ ಹೆದರುತ್ತಿದೆ ಅಂತ ಗೊತ್ತಾಗೋದೇ ಹೀಗೆ: ಸ್ಟೇಟಸ್ ಎಲ್ಲಾ ಹಸಿರು, ಪರೀಕ್ಷೆಯ ದಿನ ಎಲ್ಲಾ ಕೆಂಪು.

ಹಾಗಾಗಿ ದಾರಿ ಬದಲಿಸಿದೆ. ಎರಡು ಸಂಜೆ ಕೂತು ತಿರಸ್ಕಾರವಾದ ದಾಖಲೆಗಳ ಲಾಗ್ ಓದಿದೆ. ನನಗೆ ಡೇಟಾಬೇಸ್ ಅಷ್ಟಕ್ಕಷ್ಟೇ. ಆದರೂ ಒಂದು ಕಣ್ಣಿಗೆ ಬಿತ್ತು. ದಿನದ ಅಂಕಿ 12 ದಾಟಿದವು ಮಾತ್ರ ತಿರಸ್ಕಾರವಾಗಿದ್ದವು. ಹಾಗಾದರೆ 12ರ ಒಳಗಿನವು? ಅವನ ಹತ್ತಿರ ಹೋಗಿ, "ಇವು ದಿನ ತಿಂಗಳು ಅದಲುಬದಲಾಗಿ ಸುಮ್ನೆ ಒಳಗೆ ಹೋಗಿಬಿಟ್ಟಿವೆಯಾ?" ಎಂದು ಕೇಳಿದೆ. ಕುರ್ಚಿ ನನ್ನ ಕಡೆ ತಿರುಗಿಸಿದ. "ಅದೇ ಸರ್ ನಿಜವಾದ ಅಪಾಯ" ಅಂತ ಶುರು ಮಾಡಿ ಒಂದು ಗಂಟೆ ಮಾತಾಡಿದ. ಯಾವ ಶಾಖೆಯಿಂದ ಬಂದ ದಾಖಲೆ ಅನ್ನೋದನ್ನು ನೋಡಿ ಬಗೆ ಪತ್ತೆ ಮಾಡಬಹುದು ಎಂದು ಅವನೇ ಹೇಳಿದ. ಪ್ರಾಜೆಕ್ಟ್ ಮ್ಯಾನೇಜರ್‌ನ ಪರಿಣತಿ ಅಂದರೆ ತಜ್ಞನಿಗಿಂತ ಜಾಸ್ತಿ ತಿಳಿದಿರೋದಲ್ಲ, ಅವನ ಸಮಯಕ್ಕೆ ತಕ್ಕ ಪ್ರಶ್ನೆ ಕೇಳುವಷ್ಟು ತಿಳಿದಿರೋದು. ಗೊತ್ತಿರುವಂತೆ ನಟಿಸಿದರೆ ಐದೇ ನಿಮಿಷದಲ್ಲಿ ಬಣ್ಣ ಬಯಲಾಗುತ್ತೆ.

ಆಮೇಲೆ ಅವನ ಮ್ಯಾನೇಜರ್. ಈ ಸಲ ಮೇಲ್ ಇಲ್ಲ, ಸಭೆಯೂ ಇಲ್ಲ, ಇಬ್ಬರೇ ಕೂತೆವು. ಒಂದು ಪುಟದ ಪಟ್ಟಿ ತೋರಿಸಿದೆ: ಯಾವ ವಾರ ಎಷ್ಟು ದಿನ ಸಿಕ್ಕಿತು, ಸಿಗದಿದ್ದಾಗ ಯಾವ ತಂಡ ಕೈಕಟ್ಟಿ ಕೂತಿತ್ತು. ಬೇರೆ ತಂಡಗಳು ಕಾಯುತ್ತಿದ್ದದ್ದು ಅವರಿಗೆ ಗೊತ್ತೇ ಇರಲಿಲ್ಲ. ನನಗೆ ಗೊತ್ತಿಲ್ಲದ್ದನ್ನು ಅವರು ಹೇಳಿದರು: ರಾತ್ರಿ ಬ್ಯಾಕಪ್ ಕೈಕೊಟ್ಟರೆ ಸರಿಮಾಡಲು ಬರೋದು ಇವನೊಬ್ಬನಿಗೇ. ಹುಡುಗ ಸೋಮಾರಿಯಲ್ಲ, ನಿದ್ದೆಗೆಟ್ಟವನು. ಬ್ಯಾಕಪ್ ಕೆಲಸ ಇನ್ನೊಬ್ಬರಿಗೂ ಕಲಿಸುವುದು, ಮಂಗಳವಾರ ಬುಧವಾರ ಇವನನ್ನು ಯಾರೂ ಕರೆಯದಿರುವುದು ಎಂದು ಒಪ್ಪಂದವಾಯಿತು. ಎಲ್ಲಾ ಸೇರಿ ಇಪ್ಪತ್ತು ನಿಮಿಷ. ಇದನ್ನು ಮೊದಲೇ ಮಾಡಬಹುದಿತ್ತು, ಅಲ್ವಾ?

ಬಹುಮಾನ ಕೊಡೋಕೆ ನನ್ನ ಹತ್ತಿರ ದುಡ್ಡಿಲ್ಲ. ಅಪ್ರೈಸಲ್‌ಗೆ ಮುಂಚೆ ಅವನ ಮ್ಯಾನೇಜರ್‌ಗೆ ನಾಲ್ಕು ಸಾಲು ಬರೆದೆ. "ಚೆನ್ನಾಗಿ ಮಾಡಿದ" ಅಂತಲ್ಲ, ದಿನಾಂಕದ ಗೊಂದಲವನ್ನು ಹೇಗೆ ಬಿಡಿಸಿದ ಅಂತ. ಅಪ್ರೈಸಲ್ ಮುಗಿದ ಮೇಲೆ ಬರೆದಿದ್ದರೆ ಅದು ಬರೀ ಶುಭಾಶಯ ಆಗುತ್ತಿತ್ತು.

ಪ್ರಾಜೆಕ್ಟ್ ಎರಡು ವಾರ ತಡವಾಯಿತು. ಮೇಲಿನವರ ಸಭೆಯಲ್ಲಿ ಕಾರಣ ಕೇಳಿದಾಗ, ಹಳೇ ಡೇಟಾ ಹೇಗಿದೆ ಅಂತ ನಾನು ಶುರುವಿನಲ್ಲೇ ಕೇಳಬೇಕಿತ್ತು, ಕೇಳಲಿಲ್ಲ ಎಂದೆ. ಅವನ ಹೆಸರು ತೆಗೆಯಲಿಲ್ಲ. ದೊಡ್ಡತನ ಏನಲ್ಲ, ಇದ್ದದ್ದೇ ಅದು.

ಭಯದ ಅಸ್ತ್ರವನ್ನು ಪೂರ್ತಿ ಬಿಟ್ಟಿಲ್ಲ. ಮೇಲಿನವರಿಗೆ ಹೇಳಲೇಬೇಕಾದಾಗ ಹೇಳುತ್ತೇನೆ. ಆದರೆ ಮೊದಲು ಆ ವ್ಯಕ್ತಿಗೇ "ನಾಳೆ ಹೀಗೆ ಹೇಳ್ತೀನಿ, ಅದಕ್ಕೆ ಮುಂಚೆ ಏನಾದರೂ ದಾರಿ ಇದೆಯಾ" ಎಂದು ಕೇಳುತ್ತೇನೆ. ಮುಕ್ಕಾಲು ಪಾಲು ಅಲ್ಲಿಗೇ ಮುಗಿಯುತ್ತೆ.

ಕೊನೇ ವರ್ಗಾವಣೆಯ ಹಿಂದಿನ ದಿನ ಅವನದೇ ಫೋನ್ ಬಂತು. "ಸರ್, ಡಿಸ್ಕ್ ಜಾಗ ಸಾಲಲ್ಲ ಅನ್ಸುತ್ತೆ. ಯಾರೂ ಕೇಳಿಲ್ಲ, ಆದರೂ ಹೇಳ್ತಿದೀನಿ."