ವಾರ್ಫರಿನ್ ನಿಲ್ಲಿಸದೆ ದವಡೆ ಹಲ್ಲು ಕಿತ್ತದ್ದು

"ಡಾಕ್ಟ್ರೇ, ರಕ್ತ ತೆಳು ಮಾಡೋ ಮಾತ್ರೆ ಎರಡು ದಿನ ಬಿಟ್ಟು ಬರ್ಲಾ?" ಹೃದಯದ ಮಾತ್ರೆ ತೆಗೆದುಕೊಳ್ಳುವವರು ಹಲ್ಲು ಕೀಳಿಸಲು ಬಂದಾಗ ಕೇಳುವ ಮೊದಲ ಪ್ರಶ್ನೆ ಇದೇ. ಕೆಲವರು ಕೇಳುವುದೂ ಇಲ್ಲ, ಬಿಟ್ಟೇ ಬಂದಿರುತ್ತಾರೆ. ನನಗೆ ಭಯ ಹುಟ್ಟಿಸುವವರು ಈ ಎರಡನೇ ಗುಂಪಿನವರು.

ಇಲ್ಲಿ ಬರೆಯುತ್ತಿರುವುದು ಒಬ್ಬರ ವಿಷಯ. ವಯಸ್ಸು ಐವತ್ತು ದಾಟಿದೆ. ಹೃದಯದ ಮೈಟ್ರಲ್ ಕವಾಟದ ಜಾಗದಲ್ಲಿ ಲೋಹದ ಕವಾಟ ಇದೆ. ದಿನವೂ ರಾತ್ರಿ ರಕ್ತ ತೆಳು ಮಾಡುವ ವಾರ್ಫರಿನ್ ತೆಗೆದುಕೊಳ್ಳುತ್ತಾರೆ. ಕೆಳಗಿನ ಎಡ ದವಡೆಯ ಮೊದಲ ದೊಡ್ಡ ಹಲ್ಲು ಒಡೆದು, ಬೇರಿನ ತುದಿಯಲ್ಲಿ ಸೋಂಕು ಸೇರಿಕೊಂಡಿತ್ತು. ಉಳಿಸುವ ಸ್ಥಿತಿಯಲ್ಲಿ ಇರಲಿಲ್ಲ.

ಮಾತ್ರೆ ಎರಡು ದಿನ ಬಿಟ್ಟರೆ ಏನಾಗುತ್ತದೆ ಅಂತ ಅವರಿಗೆ ಬಿಡಿಸಿ ಹೇಳಿದೆ. ವಾರ್ಫರಿನ್ ಕೆಲಸ ಮಾಡುವುದೂ ನಿಧಾನ, ಇಳಿಯುವುದೂ ನಿಧಾನ. ಅದರ ಪ್ರಭಾವ ಪೂರ್ತಿ ಇಳಿಯಲು ನಾಲ್ಕೈದು ದಿನ ಬೇಕು. ಮತ್ತೆ ಶುರು ಮಾಡಿದ ಮೇಲೆ ಮೊದಲಿನ ಮಟ್ಟಕ್ಕೆ ಬರಲು ಹೆಚ್ಚುಕಡಿಮೆ ಅಷ್ಟೇ ದಿನ. ಎರಡು ದಿನ ಬಿಟ್ಟರೆ ಹಲ್ಲು ಕೀಳುವ ಹೊತ್ತಿಗೆ ರಕ್ತ ಇನ್ನೂ ಸಾಕಷ್ಟು ತೆಳುವಾಗಿಯೇ ಇರಬಹುದು. ಆಮೇಲೆ ಕೆಲವು ದಿನ ಕವಾಟಕ್ಕೆ ಮಾತ್ರ ರಕ್ಷಣೆ ಸಾಲದು. ಬಾಯಲ್ಲಿ ರಕ್ತ ಬಂದರೆ ನನ್ನ ಕಣ್ಣಿಗೆ ಕಾಣುತ್ತದೆ, ಬೆರಳಲ್ಲಿ ಒತ್ತಿ ಹಿಡಿಯಬಹುದು. ಕವಾಟದ ಮೇಲೆ ಹೆಪ್ಪು ಕಟ್ಟಿ ಅದು ಮೆದುಳಿಗೆ ಹೋದರೆ ಪಾರ್ಶ್ವವಾಯು. ಅಲ್ಲಿಗೆ ನನ್ನ ಬೆರಳು ಹೋಗುವುದಿಲ್ಲ.

ಹಾಗಾಗಿ ಮಾತ್ರೆ ಮುಂದುವರಿಯಬೇಕು, ಹಲ್ಲೂ ಹೊರಗೆ ಬರಬೇಕು. ಎಷ್ಟು ರಕ್ತ ಹೋಗಬಹುದು ಅನ್ನುವುದನ್ನು ನಾನು ಮೂರು ಕಡೆಯಿಂದ ನೋಡುತ್ತೇನೆ: ಗಾಯ ಎಷ್ಟು ದೊಡ್ಡದು, ಮಾತ್ರೆ ಯಾವುದು, ಮನುಷ್ಯನ ಮೈ ಹೇಗಿದೆ.

ಗಾಯದ ಲೆಕ್ಕ ಸುಲಭ. ಒಂದರಿಂದ ಮೂರು ಹಲ್ಲನ್ನು ಸರಳವಾಗಿ ಕಿತ್ತು, ಗಾಯ ಸಣ್ಣದಾಗಿಯೇ ಉಳಿದರೆ ಕಡಿಮೆ ಅಪಾಯ. ಸ್ಕಾಟ್ಲೆಂಡಿನ ದಂತವೈದ್ಯರ ಮಾರ್ಗಸೂಚಿ 2015ರಲ್ಲಿ ಬಂದು 2022ರಲ್ಲಿ ಪರಿಷ್ಕರಣೆ ಆಯಿತು. ಅದೂ ಗೆರೆ ಎಳೆಯುವುದು ಹೀಗೇ. ಮೂರಕ್ಕಿಂತ ಜಾಸ್ತಿ ಹಲ್ಲು, ಅಕ್ಕಪಕ್ಕದ ಹಲ್ಲು ಕಿತ್ತು ಒಂದೇ ದೊಡ್ಡ ಗಾಯ ಆಗುವುದು, ಒಸಡು ಕೊಯ್ದು ಬಿಡಿಸಿ ಮೂಳೆ ಕೊರೆಯುವುದು, ಇವೆಲ್ಲ ಹೆಚ್ಚಿನ ಅಪಾಯದ ಗುಂಪು. ಇವರದ್ದು ಒಂದೇ ಹಲ್ಲು.

ಮೈಯ ಲೆಕ್ಕದಲ್ಲಿ ಲಿವರ್, ಕಿಡ್ನಿ, ಕುಡಿತ, ಪ್ಲೇಟ್‌ಲೆಟ್, ರಕ್ತದೊತ್ತಡ ಎಲ್ಲ ಕೇಳುತ್ತೇನೆ. ಆದರೆ ನನಗೆ ಜಾಸ್ತಿ ಉಪಯೋಗಕ್ಕೆ ಬಂದಿರುವ ಪ್ರಶ್ನೆ ಬೇರೆ: "ಹಿಂದೆ ಹಲ್ಲು ಕೀಳಿಸಿದಾಗ ಏನಾಯ್ತು?" ಮಾತ್ರೆ ಶುರುವಾಗುವ ಮೊದಲೇ ರಾತ್ರಿಯೆಲ್ಲ ರಕ್ತ ಸುರಿದಿತ್ತು ಅಂದರೆ, ತೊಂದರೆ ಬರೀ ಮಾತ್ರೆಯದ್ದಲ್ಲ.

ವಾರ್ಫರಿನ್‌ನ ಲೆಕ್ಕಕ್ಕೆ ಐಎನ್‌ಆರ್ ಅನ್ನುವ ರಕ್ತಪರೀಕ್ಷೆ ಇದೆ. ಸಂಖ್ಯೆ ಏರಿದಷ್ಟೂ ಹೆಪ್ಪು ಕಟ್ಟುವುದು ತಡ. ಮಾತ್ರೆ ಇಲ್ಲದವರಲ್ಲಿ ಅದು ಸುಮಾರು 1. ಮೈಟ್ರಲ್ ಜಾಗದಲ್ಲಿ ಲೋಹದ ಕವಾಟ ಇದ್ದವರಿಗೆ ಸಾಮಾನ್ಯವಾಗಿ 2.5ರಿಂದ 3.5ರ ನಡುವೆ ಇಡುತ್ತಾರೆ. 4ಕ್ಕಿಂತ ಕೆಳಗಿದ್ದರೆ ಮಾತ್ರೆ ನಿಲ್ಲಿಸದೆ ಹಲ್ಲು ಕೀಳಬಹುದು. ಪರೀಕ್ಷೆ 24 ಗಂಟೆಯೊಳಗಿನದ್ದಾಗಿರಬೇಕು. ತಿಂಗಳುಗಟ್ಟಲೆ ಏರಿಳಿತ ಇಲ್ಲದವರಿಗೆ 72 ಗಂಟೆ ಹಳೆಯದಾದರೂ ನಡೆಯುತ್ತದೆ.

ಅವರ ಪುಸ್ತಕದಲ್ಲಿ ಕೊನೆಯ ಓದು 2.9. ಒಂದು ತಿಂಗಳ ಹಿಂದಿನದ್ದು. ಅದನ್ನು ನೋಡಿ ಕುರ್ಚಿಗೆ ಕೂರಿಸುವ ಹಾಗಿಲ್ಲ. "ಈ ವಾರ ನೋವಿಗೆ ಏನು ತಗೊಂಡ್ರಿ?" ಅಂತ ಕೇಳಿದೆ. ಜೇಬಿನಿಂದ ಮಾತ್ರೆಯ ಒಂದು ಪಟ್ಟಿ ತೆಗೆದರು. ಮೆಟ್ರೊನಿಡಜೋಲ್. ಸೋಂಕಿನ ಮಾತ್ರೆ. ಹಿಂದೊಮ್ಮೆ ಒಸಡು ಊದಿದ್ದಾಗ ಕೊಟ್ಟಿದ್ದು, ಮನೆಯಲ್ಲಿ ಉಳಿದಿತ್ತಂತೆ. ಮೂರು ದಿನದಿಂದ ನುಂಗುತ್ತಿದ್ದರು.

ಮೆಟ್ರೊನಿಡಜೋಲ್ ಲಿವರ್‌ನಲ್ಲಿ ವಾರ್ಫರಿನ್ ಕರಗುವುದನ್ನು ತಡೆಯುತ್ತದೆ, ಹಾಗಾಗಿ ರಕ್ತ ಇನ್ನೂ ತೆಳುವಾಗುತ್ತದೆ. ಬಾಯಿಯ ಬಿಳಿ ಶಿಲೀಂಧ್ರಕ್ಕೆ ಕೊಡುವ ಫ್ಲುಕೊನಜೋಲ್ ಮಾಡುವುದೂ ಇದನ್ನೇ. ಅಷ್ಟೇಕೆ, ಬಾಯಿಗೆ ಸವರುವ ಮೈಕೊನಜೋಲ್ ಜೆಲ್ ಕೂಡ. ಸವರುವ ಮುಲಾಮು ತಾನೇ ಅಂತ ಸುಮ್ನೆ ಬರೆದುಕೊಟ್ಟರೆ ಕೆಲಸ ಕೆಡುತ್ತದೆ. ಅವತ್ತೇ ಪರೀಕ್ಷೆ ಮಾಡಿಸಿದೆವು: 4.6.

ಹಲ್ಲು ಮುಟ್ಟಲಿಲ್ಲ ಅಂದರೆ ಸುಳ್ಳಾಗುತ್ತದೆ. ಕೀಳಲಿಲ್ಲ ಅಷ್ಟೇ. ಹಲ್ಲಿನ ಮೇಲ್ಭಾಗ ತೆರೆದು, ಒಳಗಿನ ಒತ್ತಡ ಇಳಿಸಿ, ಔಷಧಿ ಇಟ್ಟು ಮುಚ್ಚಿದೆ. ನೋವಿಗೆ ಪ್ಯಾರಸಿಟಮಾಲ್. ಮೆಟ್ರೊನಿಡಜೋಲ್ ನಿಲ್ಲಿಸಿದೆ. ಅವರ ಹೃದಯ ತಜ್ಞರಿಗೆ ಫೋನ್ ಮಾಡಿದೆ. ಅವರು ವಾರ್ಫರಿನ್‌ನ ಒಂದು ಡೋಸ್ ಬಿಡಿಸಿ, ಮತ್ತೆ ಮೊದಲಿನಂತೆ ಮುಂದುವರಿಸಲು ಹೇಳಿದರು. ಇದು ಹಲ್ಲಿಗಾಗಿ ಮಾತ್ರೆ ನಿಲ್ಲಿಸಿದ್ದಲ್ಲ. ಗುರಿ ದಾಟಿ ಮೇಲೆ ಹೋದದ್ದನ್ನು ಗುರಿಗೆ ತಂದದ್ದು. ಆ ನಿರ್ಧಾರ ಹೃದಯ ತಜ್ಞರದ್ದೇ ಆಗಬೇಕು, ನನ್ನದಲ್ಲ.

ಮುಂದಿನ ವಾರದ ಆರಂಭದಲ್ಲಿ, ಬೆಳಿಗ್ಗೆಯೇ ಬರಹೇಳಿದೆ. ಬೆಳಿಗ್ಗೆ ಯಾಕೆ ಅಂದರೆ, ರಕ್ತ ಮತ್ತೆ ಶುರುವಾದರೆ ಹಗಲಲ್ಲೇ ಆಗಲಿ. ವಾರದ ಆರಂಭ ಯಾಕೆ ಅಂದರೆ, ಎರಡು ಮೂರು ದಿನ ಬಿಟ್ಟು ಒಸರಿದರೂ ಕ್ಲಿನಿಕ್ ತೆರೆದಿರುತ್ತದೆ. ಹಿಂದಿನ ದಿನ ಮಧ್ಯಾಹ್ನದ ಐಎನ್‌ಆರ್ 3.1. ಇತ್ತೀಚೆಗೆ ಏರಿಳಿದಿದ್ದರಿಂದ ಇವರಿಗೆ 72 ಗಂಟೆಯ ರಿಯಾಯಿತಿ ಕೊಡಲಿಲ್ಲ. ಲೋಹದ ಕವಾಟ ಇದ್ದವರ ಹಲ್ಲು ಕೀಳುವಾಗ ಕವಾಟಕ್ಕೆ ಸೋಂಕು ತಗಲಬಾರದು. ಅದಕ್ಕೆ ಮುಕ್ಕಾಲು ಗಂಟೆ ಮುಂಚೆ ಅಮಾಕ್ಸಿಸಿಲಿನ್ 2 ಗ್ರಾಂ ಒಂದೇ ಸಲಕ್ಕೆ ಕೊಟ್ಟೆ. ಪೆನಿಸಿಲಿನ್ ಅಲರ್ಜಿ ಅವರಿಗಿರಲಿಲ್ಲ.

ಮರಗಟ್ಟಿಸಲು ದವಡೆಯ ಹಿಂಭಾಗಕ್ಕೆ ಆಳವಾಗಿ ಸೂಜಿ ಚುಚ್ಚುವ ಬ್ಲಾಕ್ ಅನ್ನು ಸಾಧ್ಯವಾದಷ್ಟು ತಪ್ಪಿಸುತ್ತೇನೆ. ಅಲ್ಲಿ ರಕ್ತನಾಳಕ್ಕೆ ತಾಗಿ ಒಳಗೇ ರಕ್ತ ಸೇರಿದರೆ ಒತ್ತಿ ಹಿಡಿಯಲು ಆಗುವುದಿಲ್ಲ. ಮರಗಟ್ಟಿಸುವ ಔಷಧಿ ಆರ್ಟಿಕೇನನ್ನು ಹಲ್ಲಿನ ಪಕ್ಕದ ಒಸಡಿಗೆ ಕೊಟ್ಟು, ಹಲ್ಲು ಮತ್ತು ಮೂಳೆಯ ನಡುವಿನ ಸಂದಿಗೂ ಸ್ವಲ್ಪ ಕೊಟ್ಟೆ. ಸಾಕಾಯಿತು.

ಆಮೇಲೆ ಅವಸರ ಮಾಡಲಿಲ್ಲ. ಒಸಡು ಕೊಯ್ಯಲಿಲ್ಲ. ಡ್ರಿಲ್‌ನಲ್ಲಿ ಎರಡು ಬೇರುಗಳನ್ನು ಬೇರ್ಪಡಿಸಿ ಒಂದೊಂದನ್ನೇ ತೆಗೆದೆ. ಇಡೀ ಹಲ್ಲನ್ನು ಅತ್ತಿತ್ತ ಅಲ್ಲಾಡಿಸಿ ಕಿತ್ತರೆ ಗುಳಿಯ ಗೋಡೆ ಒಡೆದು ಒಸಡು ಹರಿಯುತ್ತದೆ. ಬೇರಿನ ತುದಿಯಲ್ಲಿದ್ದ ಕೆಂಪು ಮೆತ್ತನೆಯ ಸೋಂಕಿನ ಅಂಗಾಂಶವನ್ನು ಪೂರ್ತಿ ಕೆರೆದು ತೆಗೆದೆ. ಐಎನ್‌ಆರ್ ಎಷ್ಟೇ ಇರಲಿ, ಅದನ್ನು ಒಳಗೆ ಬಿಟ್ಟರೆ ಅಲ್ಲಿಂದಲೇ ಒಸರುತ್ತಿರುತ್ತದೆ. ಗುಳಿಯೊಳಗೆ ರಕ್ತ ನಿಲ್ಲಿಸುವ ಆಕ್ಸಿಡೈಸ್ಡ್ ಸೆಲ್ಯುಲೋಸ್ ತುಂಡು ಇಟ್ಟು, ಮೇಲೆ ಎಂಟರ ಆಕಾರದ ಹೊಲಿಗೆ ಹಾಕಿದೆ. ಟ್ರಾನೆಕ್ಸಾಮಿಕ್ ಆಸಿಡ್‌ನಲ್ಲಿ ಅದ್ದಿದ ಗಾಜ್ ಕಚ್ಚಿಸಿ ಅರ್ಧ ಗಂಟೆ ಕೂರಿಸಿದೆ.

ಈ ಟ್ರಾನೆಕ್ಸಾಮಿಕ್ ಆಸಿಡ್ ಯಾಕೆ ಅಂದರೆ, ವಾರ್ಫರಿನ್ ತೆಗೆದುಕೊಳ್ಳುವವರಲ್ಲೂ ಹೆಪ್ಪು ಕಟ್ಟುತ್ತದೆ, ಸ್ವಲ್ಪ ತಡವಾಗಿ. ಬಾಯಲ್ಲಿ ಆ ಹೆಪ್ಪನ್ನು ಕರಗಿಸುವ ಅಂಶ ಎಂಜಲಲ್ಲೇ ಇದೆ. ಟ್ರಾನೆಕ್ಸಾಮಿಕ್ ಆಸಿಡ್ ಆ ಕರಗುವಿಕೆಯನ್ನು ತಡೆಯುತ್ತದೆ. ಮನೆಗೂ ಕೊಟ್ಟೆ: 500 ಮಿಲಿಗ್ರಾಂ ಮಾತ್ರೆ ಪುಡಿ ಮಾಡಿ 10 ಮಿ.ಲೀ. ನೀರಲ್ಲಿ ಕಲಸಿದರೆ ಶೇ. 5ರ ದ್ರಾವಣ. ಮಾರನೇ ದಿನದಿಂದ ದಿನಕ್ಕೆ ನಾಲ್ಕು ಸಲ, ಎರಡು ನಿಮಿಷ ಬಾಯಲ್ಲಿ ಇಟ್ಟುಕೊಳ್ಳಬೇಕು. ಮುಕ್ಕಳಿಸಬಾರದು, ರಭಸದಿಂದ ಉಗುಳಬಾರದು, ಬಾಯಿ ತೆರೆದು ಹಾಗೇ ಜಾರಿ ಬೀಳಲು ಬಿಡಬೇಕು. ಎರಡು ದಿನ ಸಾಕು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಹತ್ತಿರ ಹೋಗಬಾರದು. ರಾತ್ರಿಯ ವಾರ್ಫರಿನ್ ಎಂದಿನಂತೆ.

ಸಂಜೆಯ ಹೊತ್ತಿಗೆ ಅವರ ಮಗಳು ಫೋನ್ ಮಾಡಿದರು. "ಅಪ್ಪನ ಬಾಯಿ ತುಂಬ ರಕ್ತ, ಡಾಕ್ಟ್ರೇ." ಫೋನಿನಲ್ಲಿ ನಾನು ಕೇಳುವುದು ಇಷ್ಟು: ಬಿಳಿ ಬಟ್ಟೆಗೆ ಒರೆಸಿದರೆ ಗುಲಾಬಿ ಬಣ್ಣವೋ, ಗಾಢ ಕೆಂಪೋ? ಉಗುಳಿದ ಮೇಲೆ ಬಾಯಿ ಮತ್ತೆ ತುಂಬಲು ಎಷ್ಟು ಹೊತ್ತು? ಗುಳಿಯ ಮೇಲೆ ಜೆಲ್ಲಿಯಂಥದ್ದು ಉಬ್ಬಿದೆಯಾ? ಗುಲಾಬಿ ಎಂಜಲು ಮೊದಲ ದಿನ ಎಲ್ಲರಿಗೂ ಇರುತ್ತದೆ. ಒಂದು ಹನಿ ರಕ್ತ ಎಂಜಲಲ್ಲಿ ಕಲಸಿದರೆ ಬಾಯಿ ತುಂಬಿದಂತೆಯೇ ಕಾಣುತ್ತದೆ. ಇವರದ್ದು ಕೆಂಪೇ ಇತ್ತು, ಜೆಲ್ಲಿಯೂ ಇತ್ತು. ಗಾಜ್ ಗಟ್ಟಿಯಾಗಿ ಕಚ್ಚಿಕೊಂಡೇ ಬನ್ನಿ, ನಡುವೆ ತೆಗೆದು ನೋಡಬೇಡಿ ಅಂದೆ.

ಬಾಯಿ ತೆರೆಸಿದರೆ ಗುಳಿಯ ಮೇಲೆ ಕಪ್ಪು ಕೆಂಪಿನ, ಮೆತ್ತನೆಯ ಹೆಪ್ಪು ನಾಲಿಗೆ ಕಡೆಗೆ ವಾಲಿತ್ತು. ನಾವು ಇದನ್ನು ಲಿವರ್ ಕ್ಲಾಟ್ ಅನ್ನುತ್ತೇವೆ. ಇದು ಗಾಯ ಮುಚ್ಚುವ ಹೆಪ್ಪಲ್ಲ. ಅಡಿಯಲ್ಲಿ ಒಸರುತ್ತಲೇ ಇರುತ್ತದೆ, ಮೇಲೆ ಗುಡ್ಡೆಯಾಗುತ್ತದೆ. ಇರಲಿ ಅಂತ ಬಿಡಬಾರದು, ಪೂರ್ತಿ ಒರೆಸಿ ತೆಗೆಯಬೇಕು. ತೆಗೆದು ನೋಡಿದರೆ ರಕ್ತ ಗುಳಿಯೊಳಗಿನಿಂದ ಬರುತ್ತಿರಲಿಲ್ಲ. ನಾಲಿಗೆ ಕಡೆಯ ಒಸಡಿನ ಅಂಚಿನಿಂದ ಸಣ್ಣಗೆ ಒಸರುತ್ತಿತ್ತು. ಮರಗಟ್ಟಿಸುವ ಔಷಧಿಯಲ್ಲಿರುವ ಅಡ್ರಿನಲಿನ್ ಕೆಲವು ಗಂಟೆ ರಕ್ತನಾಳಗಳನ್ನು ಬಿಗಿ ಹಿಡಿಯುತ್ತದೆ. ಅದರ ಪ್ರಭಾವ ಇಳಿದ ಮೇಲೆ ಇಂಥ ಜಾಗ ಬಾಯಿ ಬಿಡುತ್ತದೆ. ಅಲ್ಲಿಗೇ ಇನ್ನೊಂದು ಹೊಲಿಗೆ, ಮತ್ತೆ ಟ್ರಾನೆಕ್ಸಾಮಿಕ್ ಗಾಜ್, ಮತ್ತೆ ಅರ್ಧ ಗಂಟೆ. ನಿಂತಿತು.

ನಿಲ್ಲದೇ ಹೋಗಿದ್ದರೆ ಒತ್ತಿ ಹಿಡಿದುಕೊಂಡೇ ಆಸ್ಪತ್ರೆಗೆ ಕಳಿಸಿ, ಐಎನ್‌ಆರ್ ಮತ್ತೆ ಮಾಡಿಸಬೇಕಾಗುತ್ತಿತ್ತು. ಲೋಹದ ಕವಾಟದವರಿಗೆ ವಾರ್ಫರಿನ್‌ನ ಪ್ರಭಾವ ಇಳಿಸುವ ವಿಟಮಿನ್ ಕೆ ಕೊಟ್ಟು ಸರಿಮಾಡೋಣ ಅಂತ ದಂತವೈದ್ಯರು ಹೊರಡಬಾರದು. ಜಾಸ್ತಿ ಕೊಟ್ಟರೆ ಆಮೇಲೆ ದಿನಗಟ್ಟಲೆ ವಾರ್ಫರಿನ್ ಹಿಡಿಯುವುದೇ ಇಲ್ಲ.

ಈ ಲೆಕ್ಕವನ್ನು ಹಾಗೇ ಎಲ್ಲ ಮಾತ್ರೆಗೂ ಹಾಕುವಂತಿಲ್ಲ. ರಕ್ತ ತೆಳು ಮಾಡುವ ಹೊಸ ಮಾತ್ರೆಗಳಾದ ಅಪಿಕ್ಸಬಾನ್, ರಿವರಾಕ್ಸಬಾನ್, ಡಬಿಗಾಟ್ರಾನ್ ತೆಗೆದುಕೊಳ್ಳುವವರಲ್ಲಿ ಐಎನ್‌ಆರ್ ನಂಬಿ ಕೂರಬಾರದು. ಅಲ್ಲಿ ನೋಡಬೇಕಾದ್ದು ಕೊನೆಯ ಡೋಸ್ ಯಾವ ಹೊತ್ತಿಗೆ ಆಯಿತು, ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅನ್ನುವುದನ್ನು. ಒಂದೇ ಹಲ್ಲಾದರೆ ಮಾತ್ರೆ ಹಾಗೇ ನಡೆಯಲಿ. ದೊಡ್ಡ ಗಾಯವಾದರೆ, ದಿನಕ್ಕೆರಡು ಸಲದ ಅಪಿಕ್ಸಬಾನ್ ಅಥವಾ ಡಬಿಗಾಟ್ರಾನ್‌ನ ಬೆಳಗಿನ ಡೋಸ್ ಮಾತ್ರ ಬಿಡಿಸಿ, ರಾತ್ರಿಯದ್ದನ್ನು ಎಂದಿನ ಹೊತ್ತಿಗೆ ಕೊಡುತ್ತಾರೆ. ಬೆಳಿಗ್ಗೆ ತೆಗೆದುಕೊಳ್ಳುವ ರಿವರಾಕ್ಸಬಾನ್ ಆದರೆ, ರಕ್ತ ನಿಂತು ನಾಲ್ಕು ಗಂಟೆಯಾದ ಮೇಲೆ. ಪ್ಲೇಟ್‌ಲೆಟ್ ಮೇಲೆ ಕೆಲಸ ಮಾಡುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರಲ್ಲೂ ಐಎನ್‌ಆರ್ ಏನೂ ಹೇಳುವುದಿಲ್ಲ. ಹೊಸದಾಗಿ ಸ್ಟೆಂಟ್ ಹಾಕಿಸಿಕೊಂಡವರ ಕ್ಲೊಪಿಡೊಗ್ರೆಲ್ ಅನ್ನು ಹಲ್ಲಿಗಾಗಿ ನಿಲ್ಲಿಸುವ ಮಾತೇ ಬೇಡ.

ಇವರ ಮೇಲಿನ ದವಡೆಯಲ್ಲಿ ಇನ್ನೂ ಎರಡು ಮೊಂಡು ಬೇರುಗಳಿವೆ. ಎರಡೂ ಅಕ್ಕಪಕ್ಕದವು. ಒಟ್ಟಿಗೆ ತೆಗೆದರೆ ಒಂದೇ ದೊಡ್ಡ ಗಾಯ. ಒಂದು ಮಾಗಿದ ಮೇಲೆ ಇನ್ನೊಂದು ಅಂತ ಬರೆದಿಟ್ಟಿದ್ದೇನೆ, ಪ್ರತಿ ಸಲವೂ ಹೊಸ ಐಎನ್‌ಆರ್ ಜೊತೆಗೆ.