ಅಗ್ಗದ ಸೀಟನ್ನು ಎಲ್ಲಿಗೆ ನಿಲ್ಲಿಸಬೇಕು? ವಿಮಾನದ ದರ ಹಂಚುವ ಲೆಕ್ಕ

ಬೆಂಗಳೂರಿನಿಂದ ದೆಹಲಿಗೆ ಹೋಗುವ ಬೆಳಗಿನ ವಿಮಾನ, 180 ಸೀಟು. ಪಕ್ಕಪಕ್ಕ ಕೂತವರಲ್ಲಿ ಒಬ್ಬರು 4,000 ರೂಪಾಯಿ ಕೊಟ್ಟಿರುತ್ತಾರೆ, ಇನ್ನೊಬ್ಬರು 10,000. ದರ ಹಂಚುವ ಕೆಲಸ ಮಾಡುವ ನಮ್ಮ ಮುಂದೆ ಬರುವ ಪ್ರಶ್ನೆ ಇಷ್ಟೇ: 4,000ದ ಸೀಟು ಕೊಡುವುದನ್ನು ಎಲ್ಲಿಗೆ ನಿಲ್ಲಿಸಬೇಕು? ಮದುವೆಗೋ ಪ್ರವಾಸಕ್ಕೋ ಹೋಗುವವರು ಮೊದಲೇ ಬುಕ್ ಮಾಡುತ್ತಾರೆ, ದರ ಏರಿದರೆ ಬರುವುದಿಲ್ಲ. ಕಚೇರಿ ಕೆಲಸಕ್ಕೆ ಹೋಗುವವರು ಕೊನೆಯ ವಾರದಲ್ಲಿ ಬರುತ್ತಾರೆ, ಎಷ್ಟಾದರೂ ಕೊಡುತ್ತಾರೆ. ಕಡಿಮೆ ಕೊಡುವವರೇ ಮೊದಲು ಬರುವುದರಿಂದ, ಆಮೇಲೆ ಬರುವವರಿಗೆ ಸೀಟು ಕಾಯ್ದಿಡಬೇಕು.

ಎಷ್ಟು ಕಾಯ್ದಿಡಬೇಕೆಂಬ ಸೂತ್ರವನ್ನು ಬ್ರಿಟನ್ನಿನ ಬಿಒಎಸಿ ವಿಮಾನ ಕಂಪನಿಯ ಕೆನ್ ಲಿಟಲ್‌ವುಡ್ 1972ರಲ್ಲಿ ಕೊಟ್ಟರು. ಇಂದಿನ ದೊಡ್ಡ ಸಾಫ್ಟ್‌ವೇರ್‌ಗಳಲ್ಲೂ ಅದರ ತಿರುಳು ಇದೆ. ಕೈಯಲ್ಲಿರುವ 4,000ವನ್ನು ಬಿಡಬೇಕಾದರೆ, 10,000 ಸಿಗುವ ಸಾಧ್ಯತೆ ಕನಿಷ್ಠ ನೂರಕ್ಕೆ 40 ಇರಬೇಕು; ಏಕೆಂದರೆ 10,000ದ ಶೇ. 40 ಎಂದರೆ 4,000. ಹಳೆಯ ಬುಕಿಂಗ್ ನೋಡಿದರೆ ದುಬಾರಿ ದರಕ್ಕೆ ಸರಾಸರಿ 40 ಜನ ಬರುತ್ತಾರೆ, ಏರಿಳಿತ (ಸ್ಟ್ಯಾಂಡರ್ಡ್ ಡೀವಿಯೇಷನ್) 12 ಎಂದಿಟ್ಟುಕೊಳ್ಳಿ. ಆಗ 43ನೆಯ ದುಬಾರಿ ಪ್ರಯಾಣಿಕ ಬರುವ ಸಾಧ್ಯತೆ ಸುಮಾರು ಶೇ. 40. ಹಾಗಾಗಿ 43 ಸೀಟು ಕಾಯ್ದಿಟ್ಟು, ಉಳಿದ 137ನ್ನು ಅಗ್ಗಕ್ಕೆ ತೆರೆಯುತ್ತೇವೆ. ಅಗ್ಗದ ದರವೇ 7,000 ಆಗಿದ್ದರೆ ಕಾಯುವುದರಲ್ಲಿ ಲಾಭ ಕಡಿಮೆ, 34 ಸೀಟು ಸಾಕು. ನಿಜವಾದ ವಿಮಾನದಲ್ಲಿ ಎರಡಲ್ಲ, ಬೇರೆ ಬೇರೆ ದರದ ಹತ್ತಾರು ಬುಕಿಂಗ್ ಕ್ಲಾಸ್ ಇರುತ್ತವೆ. ಲೆಕ್ಕ ಉದ್ದವಾಗುತ್ತದೆ, ತರ್ಕ ಅದೇ.

ಈ ಸೂತ್ರ ಒಂದು ಬೇಲಿಯನ್ನು ನಂಬಿ ನಿಂತಿದೆ. 10,000 ಕೊಡಬಲ್ಲವರು 4,000ದ ಸಾಲಿಗೆ ನುಸುಳಬಾರದು. ಅಮೆರಿಕನ್ ಏರ್‌ಲೈನ್ಸ್ 1977ರಲ್ಲಿ ಸೂಪರ್ ಸೇವರ್ ದರ ತಂದಾಗ, ಮುಂಗಡ ಬುಕಿಂಗ್, ಹೋಗಿ ಬರುವ ಟಿಕೆಟ್, ಇಂತಿಷ್ಟು ದಿನ ತಂಗಲೇಬೇಕೆಂಬ ಷರತ್ತುಗಳನ್ನು ಹಾಕಿದ್ದು ಅದಕ್ಕೇ. ಸೋಮವಾರ ಹೋಗಿ ಬುಧವಾರ ಮರಳಬೇಕಾದ ಮ್ಯಾನೇಜರ್ ಆ ಷರತ್ತಿಗೆ ಒಗ್ಗುವುದಿಲ್ಲ. ಇನ್ನೊಂದು ಬೇಲಿ ಟಿಕೆಟ್ ಮೇಲಿನ ಹೆಸರು. ಅಗ್ಗಕ್ಕೆ ಕೊಂಡು ಬೇರೆಯವರಿಗೆ ಮಾರುವಂತಿದ್ದರೆ ಇಡೀ ಲೆಕ್ಕ ಒಂದೇ ದಿನದಲ್ಲಿ ಕುಸಿಯುತ್ತದೆ. ವಿದ್ಯಾರ್ಥಿ ಅಥವಾ ಹಿರಿಯ ನಾಗರಿಕರ ದರದಲ್ಲಿ ಕೊಂಡವರಿಂದ ಗುರುತಿನ ಚೀಟಿ ಕೇಳುವುದೂ ಇದಕ್ಕೇ.

ಸಿನಿಮಾ ಟಿಕೆಟ್ ಮೇಲೆ ಹೆಸರಿಲ್ಲ. ವ್ಯಕ್ತಿ ನೋಡಿ ದರ ಹಾಕುವುದು ಅಲ್ಲಿ ಕಷ್ಟ, ಅದಕ್ಕೇ ಮಲ್ಟಿಪ್ಲೆಕ್ಸ್‌ಗಳು ಹೆಚ್ಚಾಗಿ ಹೊತ್ತು ನೋಡಿ ದರ ಹಾಕುತ್ತವೆ. ಮಂಗಳವಾರ ಬೆಳಗಿನ ಆಟವನ್ನು ಶನಿವಾರ ಸಂಜೆಗೆ ಎತ್ತಿಟ್ಟುಕೊಳ್ಳಲು ಯಾರಿಂದಲೂ ಆಗದು. ಇದಕ್ಕಿಂತ ಗಟ್ಟಿ ಬೇಲಿ ಬೇಕೆ?

ಬೇಲಿ ಸಡಿಲವಾದಾಗ ಆಗುವ ಕೇಡು ಮೊದಮೊದಲು ಕಣ್ಣಿಗೆ ಬೀಳುವುದಿಲ್ಲ. ಷರತ್ತಿಲ್ಲದ ಅಗ್ಗದ ಸೀಟು ಕೊನೆಯ ವಾರದವರೆಗೂ ತೆರೆದಿದೆ ಅನ್ನಿ. ಕಚೇರಿಯವರಲ್ಲಿ ನಾಲ್ವರು ಅದನ್ನೇ ಕೊಳ್ಳುತ್ತಾರೆ, ದುಬಾರಿ ದರಕ್ಕೆ 40ರ ಬದಲು 36 ದಾಖಲಾಗುತ್ತದೆ. ಬೇಡಿಕೆಯೇ ಇಳಿಯಿತೆಂದು ಸಿಸ್ಟಮ್ ತಿಳಿದು, ಮುಂದಿನ ಬಾರಿ 43ರ ಬದಲು 39 ಸೀಟು ಕಾಯ್ದಿಡುತ್ತದೆ. ಅಗ್ಗದವು ಇನ್ನೂ ನಾಲ್ಕು ಹೆಚ್ಚಿದವು, ಇನ್ನಷ್ಟು ಜನ ಅತ್ತ ಜಾರಿದರು. ವಿಮಾನ ತುಂಬಿಯೇ ಹಾರುತ್ತಿರುತ್ತದೆ, ಸರಾಸರಿ ದರ ಮಾತ್ರ ತಿಂಗಳು ತಿಂಗಳು ಇಳಿಯುತ್ತದೆ. ಎಷ್ಟು ಸೀಟು ತುಂಬಿತೆಂಬ ಲೋಡ್ ಫ್ಯಾಕ್ಟರ್ ಒಂದನ್ನೇ ನೋಡಿ ಖುಷಿಪಡುವವರಿಗೆ ಇದು ತಿಳಿಯುವುದೇ ಇಲ್ಲ.

ನಾನು ನೋಡುವುದು ಎರಡು ಗುರುತು. ಅಗ್ಗದ ಕ್ಲಾಸ್ ಎಂದೋ ಮುಚ್ಚಿದ್ದರೂ ವಿಮಾನ ಖಾಲಿ ಸೀಟಿನೊಂದಿಗೆ ಹಾರಿದರೆ ಕಾಯ್ದಿಟ್ಟದ್ದು ಹೆಚ್ಚಾಯಿತು. ಹಾರುವ ಎರಡು ವಾರ ಮೊದಲೇ ತುಂಬಿದರೆ ಕಡಿಮೆಯಾಯಿತು. ಅಗ್ಗದ ಕ್ಲಾಸ್ ಮುಚ್ಚಿದ್ದ ದಿನ ಅದಕ್ಕೆ ಬುಕಿಂಗ್ ಸೊನ್ನೆ ಇರುತ್ತದೆ, ಆದರೆ ಬೇಡಿಕೆ ಸೊನ್ನೆಯಲ್ಲ. ಆ ದಿನಗಳನ್ನು ಮುನ್ನಂದಾಜಿನಿಂದ ತೆಗೆಯಬೇಕು, ಇಲ್ಲವೇ ತೆರೆದಿದ್ದ ಅಂಥದೇ ದಿನಗಳ ಅಂಕಿಯಿಂದ ತುಂಬಬೇಕು. ದುಬಾರಿ ಕ್ಲಾಸಿನ ಅಂಕಿಯನ್ನೂ ಅಷ್ಟೇ, ಅಗ್ಗದ್ದು ಮುಚ್ಚಿದ್ದ ದಿನಗಳಿಂದ ತೆಗೆದುಕೊಂಡರೆ ಕಚೇರಿಯವರ ನಿಜವಾದ ಸಂಖ್ಯೆ ಸಿಗುತ್ತದೆ.

ಕೊಳ್ಳುವವರಿಗೂ ಇದರಲ್ಲೊಂದು ಉಪಯೋಗ ಇದೆ. ಅಗ್ಗದ ಕ್ಲಾಸ್‌ನಲ್ಲಿ ಎರಡೇ ಸೀಟು ಉಳಿದಿರುವಾಗ ನಾಲ್ವರಿಗೆಂದು ಹುಡುಕಿದರೆ, ಅನೇಕ ಸಿಸ್ಟಮ್‌ಗಳು ನಾಲ್ವರಿಗೂ ಮೇಲಿನ ದರವನ್ನೇ ತೋರಿಸುತ್ತವೆ. ಒಬ್ಬರಿಗೆಂದು ಹುಡುಕಿ ನೋಡಿ. ದರ ಕಡಿಮೆ ಕಂಡರೆ ಇಬ್ಬಿಬ್ಬರಾಗಿ ಬುಕ್ ಮಾಡಬಹುದು. ಒಂದು ಮಾತು: ಪಿಎನ್ಆರ್ ಎರಡಾಗುವುದರಿಂದ ವಿಮಾನ ರದ್ದಾದಾಗ ಎಲ್ಲರಿಗೂ ಒಂದೇ ಬದಲಿ ವಿಮಾನ ಸಿಗದೆ ಹೋಗಬಹುದು. ಚಿಕ್ಕ ಮಕ್ಕಳಿದ್ದರೆ ಈ ಉಳಿತಾಯ ಬೇಡ.